ಚಾಸಿ ನಂಬರಿನ ಮೊದಲ ಮೂರು ಅಕ್ಷರ: ಗಾಡಿ ಯಾವ ದೇಶದ್ದು, ಯಾರದ್ದು?

ಹೊಸಪೇಟೆ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ಜೋರಿದೆ. KA-35 ಪ್ಲೇಟ್ ಇರೋ ಬೈಕು, ಸ್ಕೂಟರು, ಕಾರು ಕೈಯಿಂದ ಕೈಗೆ ಹೋಗ್ತಾನೇ ಇರ್ತವೆ. ಕೊಳ್ಳುವವರು ಕಿಲೋಮೀಟರ್ ನೋಡ್ತಾರೆ, ಟೈರ್ ನೋಡ್ತಾರೆ, ಒಂದು ರೌಂಡ್ ಓಡಿಸಿ ನೋಡ್ತಾರೆ. ಆರ್‌ಸಿಯಲ್ಲಿರೋ ಚಾಸಿ ನಂಬರ್ ಮಾತ್ರ ಓದಲ್ಲ. ಅದರ ಮೊದಲ ಮೂರು ಅಕ್ಷರವನ್ನು ಓದೋದು ಹೇಗೆ, ಅದನ್ನು ಎಲ್ಲಿವರೆಗೆ ನಂಬಬಹುದು ಅನ್ನೋದೇ ಇವತ್ತಿನ ವಿಷಯ.

ಈಗಿನ ಬೈಕು, ಕಾರು, ಲಾರಿಗಳ ಚಾಸಿ ನಂಬರಲ್ಲಿ 17 ಅಕ್ಷರ-ಅಂಕಿ ಇರ್ತವೆ. ಇದನ್ನೇ ವಿಐಎನ್ ಅಂತಾರೆ. ಇದು ಮೂರು ತುಂಡು: ಮೊದಲ ಮೂರು ತಯಾರಕರ ಗುರುತು, ಮುಂದಿನ ಆರು ಮಾಡೆಲ್ ವಿವರ, ಕೊನೆಯ ಎಂಟು ಆ ಒಂದೇ ಗಾಡಿಯ ಗುರುತು. I, O, Q ಅನ್ನೋ ಅಕ್ಷರಗಳನ್ನು ಇದರಲ್ಲಿ ಬಳಸಲ್ಲ, ಯಾಕಂದ್ರೆ ಅವು 1 ಮತ್ತು 0 ಥರ ಕಾಣ್ತವೆ. ಆರ್‌ಸಿಯಲ್ಲಿ O ಕಂಡ್ರೆ ಯಾರೋ ಸೊನ್ನೆ ಬದಲು ಅದನ್ನು ಟೈಪ್ ಮಾಡಿರೋ ಸಾಧ್ಯತೆ ಹೆಚ್ಚು. ಕೊಳ್ಳೋ ಮುಂಚೆಯೇ ಅದನ್ನು ಸರಿ ಮಾಡಿಸಿಕೊಳ್ಳಿ. ಇಲ್ಲದಿದ್ರೆ ನಾಳೆ ಇನ್ಶೂರೆನ್ಸ್ ಕ್ಲೇಮ್ ವೇಳೆ ಗಾಡಿ ಮೇಲಿನ ನಂಬರೇ ಬೇರೆ, ಕಾಗದದ ನಂಬರೇ ಬೇರೆ ಅಂತ ತಕರಾರು ಬರುತ್ತೆ.

ಈಗ ಒಂದು ಉದಾಹರಣೆ ತಗೊಳ್ಳೋಣ. ಒಬ್ಬರು 250 ಸಿಸಿ ಹೋಂಡಾ ಬೈಕ್ ಮಾರೋಕೆ ಇಟ್ಟಿದ್ದಾರೆ. "ಇದು ಇಲ್ಲಿ ಮಾಡಿದ್ದಲ್ಲ ತಮ್ಮಾ, ಜಪಾನಿಂದ ಬಂದಿರೋ ಮಾಲು" ಅಂತ ಹೇಳಿ ರೇಟ್ ಸ್ವಲ್ಪ ಏರಿಸಿದ್ದಾರೆ. ಆರ್‌ಸಿಯಲ್ಲಿರೋ ಚಾಸಿ ನಂಬರ್ ಹೀಗೆ ಶುರುವಾಗುತ್ತೆ:

```
ME4 ****** ********
```

ಮೊದಲ ಅಕ್ಷರ ಪ್ರದೇಶ ಹೇಳುತ್ತೆ. J ಇಂದ R ತನಕ ಏಷ್ಯಾ, S ಇಂದ Z ಮುಖ್ಯವಾಗಿ ಯುರೋಪು, 1 ರಿಂದ 5 ಉತ್ತರ ಅಮೆರಿಕ. ಇಲ್ಲಿ M ಇದೆ, ಅಂದ್ರೆ ಏಷ್ಯಾ. ಜಪಾನ್ ಆಗಿದ್ರೆ J ಇರಬೇಕಿತ್ತು.

ಬಹಳ ಜನ ಇಲ್ಲೇ ನಿಲ್ಲಿಸಿ "M ಅಂದ್ರೆ ಇಂಡಿಯಾ" ಅಂದುಬಿಡ್ತಾರೆ. ಅದು ತಪ್ಪು. ದೇಶ ಗೊತ್ತಾಗೋದು ಮೊದಲ ಎರಡನ್ನೂ ಸೇರಿಸಿ ಓದಿದಾಗ. MA ಇಂದ ME ತನಕ ಭಾರತ. MF ಇಂದ MK ಇಂಡೋನೇಷ್ಯಾ. ML ಇಂದ MR ಥಾಯ್ಲೆಂಡ್. ಆಮೇಲೆ MZ ಕೂಡ ಭಾರತಕ್ಕೆ ಸೇರಿದೆ. ಕಿಯಾ ಕಾರಿನ ನಂಬರ್ MZB ಅಂತ ಶುರುವಾದ್ರೆ ಗಾಬರಿ ಬೇಡ.

ನಮ್ಮ ಉದಾಹರಣೆಯಲ್ಲಿ ME ಅಂದ್ರೆ ಭಾರತ. ಮೂರನೇದು 4 ಸೇರಿ ME4 ಆದಾಗ ಕಂಪನಿ ಗೊತ್ತಾಗುತ್ತೆ: ಹೋಂಡಾ ಮೋಟಾರ್‌ಸೈಕಲ್ ಅಂಡ್ ಸ್ಕೂಟರ್ ಇಂಡಿಯಾ. ಜಪಾನಿನ ಹೋಂಡಾ ಬೈಕ್ ಆಗಿದ್ರೆ JH2, ಥಾಯ್ಲೆಂಡಿನ ಹೋಂಡಾ ಆಗಿದ್ರೆ MLH. ಟ್ಯಾಂಕ್ ಮೇಲಿನ ರೆಕ್ಕೆ ಮೂರರಲ್ಲೂ ಒಂದೇ, ಚಾಸಿ ನಂಬರ್ ಮಾತ್ರ ಬೇರೆ. ಹಾಗಾಗಿ "ಜಪಾನ್ ಮಾಲು" ಅನ್ನೋ ಮಾತಿಗೆ ಎಕ್ಸ್‌ಟ್ರಾ ದುಡ್ಡು ಕೊಡಬೇಕಾಗಿಲ್ಲ.

ಹೋಂಡಾ ಕಾರಿನಲ್ಲಿ ಮಾತ್ರ ME4 ಹುಡುಕಬೇಡಿ. ಇಲ್ಲಿ ಕಾರು ಮಾಡೋ ಹೋಂಡಾ ಬೇರೆ ಕಂಪನಿ, ಅದರ ಗುರುತು MAK. ಅದೇ ರೀತಿ ಮಾರುತಿಗೆ MA3, ಹ್ಯುಂಡೈ ಇಂಡಿಯಾಗೆ MAL, ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ಗೆ MBJ, ಟಿವಿಎಸ್‌ಗೆ MD6, ಬಜಾಜ್‌ಗೆ MD2. ಸಂಡೂರು ರಸ್ತೆಯಲ್ಲಿ ಅದಿರು ಹೊತ್ತು ಹೋಗೋ ಟಿಪ್ಪರ್‌ಗಳಲ್ಲಿ ಟಾಟಾ ಆದ್ರೆ MAT, ಅಶೋಕ್ ಲೇಲ್ಯಾಂಡ್ ಆದ್ರೆ MB1, ಭಾರತ್‌ಬೆಂಜ್ ಆದ್ರೆ MEC ನೋಡ್ತೀರಿ.

ಈಗ ಈ ಮೂರು ಅಕ್ಷರ ಏನು ಹೇಳಲ್ಲ ಅನ್ನೋದನ್ನ ನೋಡೋಣ. ಈ ಗುರುತು ಕೊಡೋದು ತಯಾರಕ ಕಂಪನಿಗೆ, ಕಾರ್ಖಾನೆಗಲ್ಲ. ಟಿವಿಎಸ್ ಕಾರ್ಖಾನೆ ಮೈಸೂರಲ್ಲೂ ಇದೆ, ಹೊಸೂರಲ್ಲೂ ಇದೆ. MD6 ನೋಡಿ ಯಾವ ಊರಲ್ಲಿ ತಯಾರಾಯ್ತು ಅಂತ ಹೇಳೋಕಾಗಲ್ಲ. ME4 ನೋಡಿ "ಇದು ಕೋಲಾರದ ನರಸಾಪುರದ್ದು" ಅನ್ನೋಕೂ ಆಗಲ್ಲ. ಬಿಡಿಭಾಗ ಎಲ್ಲಿಂದ ಬಂದವು ಅನ್ನೋದಂತೂ ಇಲ್ಲಿ ಸಿಗಲ್ಲ.

ನೋಂದಣಿ ಆದ ದೇಶವೂ ಇಲ್ಲಿ ಸಿಗಲ್ಲ. ಹಂಪಿಗೆ ಕೆಲವು ವಿದೇಶಿಯರು ತಮ್ಮದೇ ವ್ಯಾನ್ ಓಡಿಸ್ಕೊಂಡು ಬರ್ತಾರೆ. ಅಂಥ ವ್ಯಾನ್‌ಗೆ ಬ್ರಿಟನ್ ಪ್ಲೇಟ್ ಇದ್ದು, ಚಾಸಿ ನಂಬರ್ VF1 ಅಂತ ಶುರುವಾದ್ರೆ ಮೋಸ ಅಂದ್ಕೋಬೇಡಿ. VF1 ಅಂದ್ರೆ ಫ್ರಾನ್ಸಿನ ರೆನೋ. ಪ್ಲೇಟ್ ಹೇಳೋದು ಗಾಡಿ ಎಲ್ಲಿ ನೋಂದಣಿಯಾಗಿದೆ ಅಂತ, ಚಾಸಿ ನಂಬರ್ ಹೇಳೋದು ಅದನ್ನು ಮಾಡಿದವರು ಯಾರು ಅಂತ.

ಇನ್ನೊಂದು ಮಜಾ ಗಣಿ ಕಡೆ ಇದೆ. ಕ್ಯಾಟರ್‌ಪಿಲ್ಲರ್ ಕಂಪನಿಯ ಮಣ್ಣೆತ್ತೋ ಯಂತ್ರದ ಪ್ಲೇಟ್ ಮೇಲೂ 17 ಅಕ್ಷರದ ನಂಬರ್ ಇರುತ್ತೆ, ಶುರುವಿನಲ್ಲಿ CAT. ನಮ್ಮ ವಾಹನದ ಲೆಕ್ಕದಲ್ಲಿ C ಬಂದ್ರೆ ಆಫ್ರಿಕಾ. ಆದ್ರೆ ಕ್ಯಾಟರ್‌ಪಿಲ್ಲರ್ ಅಮೆರಿಕದ ಕಂಪನಿ! ಯಾಕೆ ಹೀಗೆ? ಮಣ್ಣೆತ್ತೋ ಯಂತ್ರಗಳ ನಂಬರಿಗೆ ಬೇರೆಯೇ ಮಾನದಂಡ ಇದೆ. ಅಲ್ಲಿ ಮೊದಲ ಮೂರು ಅಕ್ಷರ ಕಂಪನಿಯನ್ನು ಮಾತ್ರ ಹೇಳ್ತವೆ, ದೇಶದ ಲೆಕ್ಕ ಅಲ್ಲಿ ನಡೆಯಲ್ಲ. ಕಂಪ್ಲಿ ಕಡೆ ಗದ್ದೆಯಲ್ಲಿ ದುಡಿಯೋ ಹಳೇ ಟ್ರ್ಯಾಕ್ಟರ್‌ಗಳ ವಿಷಯದಲ್ಲೂ ಅಷ್ಟೇ. ಚಾಸಿ ನಂಬರಲ್ಲಿ 17 ಅಕ್ಷರ ಇಲ್ಲದಿದ್ರೆ ಈ ಸೂತ್ರ ಹಾಕೋಕೆ ಹೋಗಬೇಡಿ.

ಕೊನೆಗೆ, ಗಾಡಿ ಮುಂದೆ ನಿಂತಾಗ ಮಾಡಬೇಕಾದ್ದು. ಮೊದಲು ಆರ್‌ಸಿಯ ಚಾಸಿ ನಂಬರ್ ಓದಿ, ಮೊದಲ ಮೂರು ಅಕ್ಷರವನ್ನು ಅದೇ ಆರ್‌ಸಿಯಲ್ಲಿರೋ ತಯಾರಕರ ಹೆಸರಿನ ಜೊತೆ ಹೋಲಿಸಿ. ತಯಾರಕ ಟಿವಿಎಸ್ ಅಂತಿದ್ದು ನಂಬರ್ MD2 ಅಂತಿದ್ರೆ ಅಲ್ಲೇ ನಿಲ್ಲಿ. ಆಮೇಲೆ ಗಾಡಿ ಮೇಲೆ ಕೊರೆದಿರೋ ನಂಬರ್ ಹುಡುಕಿ. ಬೈಕಾದ್ರೆ ಸಾಮಾನ್ಯವಾಗಿ ಹ್ಯಾಂಡಲ್ ಕೂರೋ ಚಾಸಿ ಪೈಪ್ ಮೇಲೆ ಇರುತ್ತೆ. ಮಣ್ಣು ಒರೆಸಿ, ಟಾರ್ಚ್ ಹಾಕಿ, 17 ಅಕ್ಷರವನ್ನೂ ಒಂದೊಂದಾಗಿ ಆರ್‌ಸಿ ಜೊತೆ ತಾಳೆ ನೋಡಿ. ಸುತ್ತ ಗ್ರೈಂಡ್ ಮಾಡಿದ ಗುರುತು, ಅಲ್ಲಿ ಮಾತ್ರ ಹೊಸ ಪೇಂಟ್, ಸಾಲು ತಪ್ಪಿದ ಅಕ್ಷರ ಕಂಡ್ರೆ ಅಡ್ವಾನ್ಸ್ ಕೊಡಬೇಡಿ, ಆರ್‌ಟಿಓದಲ್ಲಿ ವಿಚಾರಿಸಿ.

ಒಂದು ಮಾತು ನೆನಪಿರಲಿ: ಮೂರು ಅಕ್ಷರ ಸರಿ ಇದ್ದ ಮಾತ್ರಕ್ಕೆ ಗಾಡಿ ಕಳ್ಳಮಾಲಲ್ಲ ಅಂತ ಸಾಬೀತಾಗಲ್ಲ. ಕದ್ದ ಆಕ್ಟಿವಾ ಮೇಲೂ ME4 ಅಂತಲೇ ಇರುತ್ತೆ. ಇದರಿಂದ ಸುಳ್ಳು ಹಿಡಿಯಬಹುದು, ನಿಜಕ್ಕೆ ಗ್ಯಾರಂಟಿ ಸಿಗಲ್ಲ. ಗಾಡಿಯ ಗುರುತು ಪಕ್ಕಾ ಆಗೋದು 17 ಅಕ್ಷರವೂ ತಾಳೆಯಾದಾಗಲೇ.

ನಿಮ್ಮ ಗಾಡಿಯ ಮೂರು ಅಕ್ಷರ ನೋಡಿ ಕಮೆಂಟಲ್ಲಿ ಹಾಕಿ. ಮೂರೇ ಸಾಕು, ಪೂರ್ತಿ ನಂಬರ್ ಮಾತ್ರ ಹಾಕಬೇಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.