ಕ್ಯಾಬಿಮ್ ಬ್ಯಾಗ್, ಕ್ಯಾಬಿಙ್ ಕ್ರೂ

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಇದೆಯಲ್ಲ, ಅದು ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಆಮೇಲೆ ವಿಮಾನದ ಇಂಗ್ಲಿಷೂ ನಮ್ಮ ಕಡೆಯ ಮಾತಿನೊಳಗೆ ಸೇರಿಕೊಂಡಿತು: ಕ್ಯಾಬಿನ್ ಬ್ಯಾಗ್, ಕ್ಯಾಬಿನ್ ಕ್ರೂ, ಸೀಟ್ ಬೆಲ್ಟ್.

ಇವೇ ಮಾತುಗಳನ್ನು ಇಂಗ್ಲಿಷನ್ನೇ ಮನೆಮಾತಾಗಿ ಆಡುವವರು ಬಡಬಡನೆ ಹೇಳುವಾಗ ಕಿವಿಗೊಟ್ಟು ಕೇಳಿ. ಕ್ಯಾಬಿನ್ ಬ್ಯಾಗ್ ಎಷ್ಟೋ ಸಲ ‘ಕ್ಯಾಬಿಮ್ ಬ್ಯಾಗ್’ ಆಗಿರುತ್ತದೆ. ಸೀಟ್ ಬೆಲ್ಟ್ ‘ಸೀಪ್ ಬೆಲ್ಟ್’ ಆಗಿರುತ್ತದೆ. ಹತ್ತು ಹುಡುಗರು ಎನ್ನಲು ಅವರು ಹೇಳುವ ಟೆನ್ ಬಾಯ್ಸ್ ‘ಟೆಮ್ ಬಾಯ್ಸ್’ ಎಂದೇ ಕೇಳಿಸುತ್ತದೆ. ಕ್ಯಾಬಿನ್ ಕ್ರೂ ಮಾತ್ರ ಬೇರೆ ದಾರಿ ಹಿಡಿದು ‘ಕ್ಯಾಬಿಙ್ ಕ್ರೂ’ ಆಗುತ್ತದೆ. ಹೌದು, ಅದೇ ಙ. ಒಂದನೇ ತರಗತಿಯಲ್ಲಿ ತಿದ್ದಿ, ಆಮೇಲೆ ಎಲ್ಲಿ ಹೋಯಿತೋ ಎಂದು ನೀವು ಮರೆತಿದ್ದ ಅಕ್ಷರ.

ಬಾಯಿ ಹೀಗೇಕೆ ಮಾಡುತ್ತದೆ? ಕನ್ನಡಿ ಮುಂದೆ ನಿಂತು ‘ಟೆನ್’ ಎಂದು ಹೇಳಿ, ಕೊನೆಯ ನ್ ಅನ್ನು ಎಳೆದು ಹಿಡಿಯಿರಿ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ಒತ್ತಿಕೊಂಡಿದೆ, ತುಟಿ ತೆರೆದಿದೆ. ಹಾಗೇ ಮೂಗು ಮುಚ್ಚಿ ನೋಡಿ, ದನಿ ಥಟ್ಟನೆ ನಿಂತುಹೋಗುತ್ತದೆ. ಬಾಯಿಯ ದಾರಿ ಮುಚ್ಚಿದ್ದರಿಂದ ಉಸಿರು ಮೂಗಿನಿಂದಲೇ ಹೊರಗೆ ಬರುತ್ತಿತ್ತು ಎಂದು ಇದರಿಂದ ಗೊತ್ತಾಗುತ್ತದೆ. ಈಗ ‘ಮ್’ ಎಂದು ಎಳೆಯಿರಿ. ಆಗಲೂ ಉಸಿರು ಮೂಗಿನಿಂದಲೇ ಬರುತ್ತದೆ, ಆದರೆ ಬಾಯಿ ಮುಚ್ಚಿರುವುದು ತುಟಿಗಳಿಂದ. ನ್ ಮತ್ತು ಮ್ ನಡುವಿನ ವ್ಯತ್ಯಾಸ ಇಷ್ಟೇ: ಬಾಯಿಯ ಬಾಗಿಲು ಎಲ್ಲಿ ಮುಚ್ಚಿದೆ ಎಂಬುದು.

ಟೆನ್ ಬಾಯ್ಸ್ ಎನ್ನುವಾಗ ನ್ ಮುಗಿದ ಕೂಡಲೇ ಬ್ ಬರಬೇಕು, ಬ್ ಹೊರಡಬೇಕಾದರೆ ತುಟಿ ಮುಚ್ಚಬೇಕು. ಮಾತು ಜೋರಾಗಿ ಓಡುತ್ತಿರುವಾಗ ತುಟಿಗಳು ತಮ್ಮ ಸರದಿ ಬರುವ ಮೊದಲೇ ಮುಚ್ಚಿಕೊಳ್ಳುತ್ತವೆ. ಮೂಗಿನ ದಾರಿ ಇನ್ನೂ ತೆರೆದಿದೆ, ತುಟಿ ಆಗಲೇ ಮುಚ್ಚಿದೆ. ಮೂಗು ತೆರೆದು ತುಟಿ ಮುಚ್ಚಿದರೆ ಹೊರಡುವುದು ಮ್ ಅಲ್ಲದೆ ಇನ್ನೇನು?

ಈ ಬದಲಾವಣೆಯ ಲೆಕ್ಕವೆಲ್ಲ ನಿಮ್ಮ ವರ್ಣಮಾಲೆಯ ಪಟ್ಟಿಯಲ್ಲೇ ಇದೆ. ಅಲ್ಲಿ ಕ ಖ ಗ ಘ ಙ ಒಂದು ಸಾಲು, ತ ಥ ದ ಧ ನ ಒಂದು ಸಾಲು, ಪ ಫ ಬ ಭ ಮ ಒಂದು ಸಾಲು. ಒಂದೊಂದು ಸಾಲೂ ಬಾಯಿಯ ಒಂದೊಂದು ಜಾಗ: ಹಿಂದಿನ ಅಂಗುಳ, ಹಲ್ಲು, ತುಟಿ. ಇಂಗ್ಲಿಷಿನ ಟ್ ಮತ್ತು ಡ್ ನಮ್ಮ ತ ಮತ್ತು ಟ ಸಾಲುಗಳ ನಡುವೆ ಎಲ್ಲೋ ಹುಟ್ಟುತ್ತವೆ. ಸದ್ಯಕ್ಕೆ ಅವನ್ನು ತ ಸಾಲಿನಲ್ಲಿ ಕೂರಿಸೋಣ. ಈಗ ಬೆರಳಿಟ್ಟು ನೋಡಿ. ಬ್ಯಾಗ್ ಮುಂದೆ ಬಂದಾಗ ನ್ ಐದನೇ ಮನೆಯಲ್ಲೇ ಉಳಿದು ಪ ಸಾಲಿಗೆ ಇಳಿದು ಮ್ ಆಗುತ್ತದೆ. ಕ್ರೂ ಮುಂದೆ ಬಂದಾಗ ಐದನೇ ಮನೆಯಲ್ಲೇ ಇದ್ದು ಕ ಸಾಲಿಗೆ ಏರಿ ಙ್ ಆಗುತ್ತದೆ. ಸೀಟ್‌ನ ಟ್ ಮೊದಲ ಮನೆಯದು, ಆದ್ದರಿಂದ ಬೆಲ್ಟ್ ಮುಂದೆ ಪ್ ಆಗುತ್ತದೆ, ಬ್ ಆಗುವುದಿಲ್ಲ. ಗುಡ್ ಬಾಯ್‌ನ ಡ್ ಮೂರನೇ ಮನೆಯದು, ಹಾಗಾಗಿ ‘ಗುಬ್ ಬಾಯ್’. ಸಾಲು ಬದಲಾಗುತ್ತದೆ, ಮನೆ ಬದಲಾಗುವುದಿಲ್ಲ.

ಆದರೆ ಎಲ್ಲ ಅಕ್ಷರಗಳೂ ಹೀಗೆ ಸಾಲು ಬಿಟ್ಟು ಕದಲುವುದಿಲ್ಲ. ಬೋರ್ಡಿಂಗ್ ಪಾಸ್ ತೆಗೆದುಕೊಳ್ಳಿ. ಇಂಗ್ಲಿಷಿನವರು ಬೋರ್ಡಿಂಗ್ ಎನ್ನುವಾಗ ಕೊನೆಗೆ ಉಳಿಯುವುದು ಬರೀ ಙ್. ಅದರ ಮುಂದೆ ಪ್ ಇದ್ದರೂ ಅದು ಸಾಮಾನ್ಯವಾಗಿ ಮ್ ಆಗುವುದಿಲ್ಲ. ಸೇಮ್ ಡೇ ಎಂಬಲ್ಲಿ ಮ್ ಕೂಡ ‘ಸೇನ್ ಡೇ’ ಎಂದು ಜಾರುವುದಿಲ್ಲ. ಕದಲುವುದು ಹೆಚ್ಚಾಗಿ ನಾಲಿಗೆಯ ತುದಿಯಿಂದ ಹೊರಡುವ ಟ್, ಡ್, ನ್ ಮಾತ್ರ. ಆ ತುದಿ ಚುರುಕು. ಕ್ಷಣದಲ್ಲಿ ತಾಗಿ ಬಿಟ್ಟುಬರುತ್ತದೆ. ಹಾಗಾಗಿ ಪಕ್ಕದ ತುಟಿಯ ಕೆಲಸ ಅದನ್ನು ಸುಲಭವಾಗಿ ಮರೆಮಾಡಿಬಿಡುತ್ತದೆ.

ಮರೆಮಾಡುತ್ತದೆ ಎಂದು ಬೇಕೆಂದೇ ಹೇಳಿದೆ. ಅಮೆರಿಕದ ಬ್ರೌಮನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ನಾಲಿಗೆ, ತುಟಿಗಳ ಚಲನೆಯನ್ನು ಎಕ್ಸ್‌ರೇ ಮೂಲಕ ದಾಖಲಿಸಿದ ಮಾತುಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಒಂದು ‘ಪರ್ಫೆಕ್ಟ್ ಮೆಮರಿ’. ಸರಾಗವಾಗಿ ಹೇಳಿದಾಗ ಅದರ ಟ್ ಕಿವಿಗೆ ಕೇಳಿಸುತ್ತಿರಲಿಲ್ಲ. ನಾಲಿಗೆ ಮಾತ್ರ ತನ್ನ ಪಾಲಿನ ಕೆಲಸವನ್ನು ಮಾಡಿಯೇ ಇತ್ತು! ಅಷ್ಟರಲ್ಲಿ ಮ್‌ಗಾಗಿ ತುಟಿ ಮುಚ್ಚಿದ್ದರಿಂದ ಆ ಸದ್ದು ಹೊರಗೆ ಬರಲಿಲ್ಲ. ಎಲ್ಲ ಸಲವೂ ಹೀಗೇ ಎಂದೇನಲ್ಲ. ಒಮ್ಮೊಮ್ಮೆ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆ, ಒಮ್ಮೊಮ್ಮೆ ಏಳುವುದೇ ಇಲ್ಲ. ಕೇಳುವವರಿಗೆ ಮೂರೂ ಸುಮಾರಾಗಿ ಒಂದೇ ಥರ.

ಇನ್ನು ನಮ್ಮ ಬಾಯಿಗೆ ಬರೋಣ. ಭದ್ರಾವತಿಯ ಬಸ್ಸಿನಲ್ಲಿ ಯಾರಾದರೂ ಇಂಗ್ಲಿಷ್ ಪದಗಳನ್ನು ಆಡುವುದು ಕೇಳಿ: ಬಸ್ಸು, ಬ್ಯಾಗು, ಸೀಟು, ಬೆಲ್ಟು. ಕನ್ನಡದ ಪದ ಸ್ವರದಲ್ಲಿ ಕೊನೆಯಾಗಲು ಬಯಸುತ್ತದೆ, ಅದಕ್ಕೇ ನಾವು ಕೊನೆಗೊಂದು ಉ ಹಚ್ಚುತ್ತೇವೆ. ‘ಸೀಟು ಬೆಲ್ಟು’ ಎಂದವರ ಬಾಯಲ್ಲಿ ಟ್ ಮತ್ತು ಬ್ ನಡುವೆ ಆ ಉ ಕೂತಿದೆ. ತುಟಿ ಮುಚ್ಚುವ ಹೊತ್ತಿಗೆ ನಾಲಿಗೆ ತನ್ನ ಕೆಲಸ ಮುಗಿಸಿ ಕೆಳಗಿಳಿದಿರುತ್ತದೆ. ಟ್ ಟ್ ಆಗಿಯೇ ಉಳಿಯುತ್ತದೆ.

ಹಾಗಾದರೆ ಕನ್ನಡದ ಬಾಯಿ ಸಾಲು ಬದಲಾಯಿಸುವುದೇ ಇಲ್ಲವೇ? ಸ್ವರ ಬಿದ್ದುಹೋದ ಕಡೆ ನೋಡಿ. ‘ನನಗೆ’ ಎಂದು ಬರೆಯುತ್ತೀರಿ, ‘ನಂಗೆ ಬೇಕು’ ಎಂದು ಹಟ ಮಾಡುತ್ತೀರಿ. ನಡುವಿನ ಅ ಬಿದ್ದ ಕೂಡಲೇ ನ್ ಹೋಗಿ ಗ್‌ಗೆ ಅಂಟಿಕೊಂಡಿತು, ಗ್ ಸಾಲಿನ ಐದನೇ ಮನೆಯ ಙ್ ಆಯಿತು. ‘ನಂಗೆ’ ಎನ್ನುವಾಗ ನಾಲಿಗೆಯ ತುದಿ ಎಲ್ಲಿದೆ ನೋಡಿಕೊಳ್ಳಿ: ಮೊದಲ ನ ಮುಗಿದ ಮೇಲೆ ಅದು ಹಲ್ಲಿನ ಹತ್ತಿರ ಸುಳಿಯುವುದೇ ಇಲ್ಲ. ನಮ್ಮ ಸೊನ್ನೆಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಅಂಗಡಿಯಲ್ಲಿ ಅದು ಙ್, ಅಂದದಲ್ಲಿ ನ್, ಅಂಬರದಲ್ಲಿ ಮ್. ಬರೆಯುವ ಚಿಹ್ನೆ ಒಂದೇ. ಯಾವ ದನಿ ಎಂದು ಗೊತ್ತುಮಾಡುವುದು ಮುಂದಿನ ಅಕ್ಷರ. ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲ, ಬಾಯಿ ಏನೇ ಮಾಡಿದರೂ ಕಾಗುಣಿತ ನ್ ಎಂದೇ ಇರುತ್ತದೆ.

ಹೀಗೆ ದನಿ ಬದಲಾದರೆ ಕೇಳುವವರಿಗೆ ಗಲಿಬಿಲಿ ಆಗುವುದಿಲ್ಲವೇ? ಇಂಗ್ಲೆಂಡಿನಲ್ಲಿ ಗ್ಯಾಸ್ಕೆಲ್ ಮತ್ತು ಮಾರ್ಸ್ಲೆನ್ ವಿಲ್ಸನ್ ಎಂಬವರು 1996ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ಪರೀಕ್ಷಿಸಿದ್ದರು. ‘ಲೀನ್’ ಎಂಬ ಪದವನ್ನು ‘ಲೀಮ್’ ಎಂದು ಕೇಳಿಸಿ, ಮುಂದೆ ಬ್‌ನಿಂದ ಶುರುವಾಗುವ ಪದ ಇಟ್ಟರೆ ಜನ ಅದನ್ನು ಲೀನ್ ಎಂದೇ ಗುರುತಿಸಿದರು. ಅದೇ ‘ಲೀಮ್’ ಮುಂದೆ ಗ್‌ನಿಂದ ಶುರುವಾಗುವ ಪದ ಬಂದರೆ ಗುರುತಿಸಲು ತೊಡಕಾಯಿತು, ಏಕೆಂದರೆ ಗ್‌ಗಾಗಿ ಯಾರೂ ತುಟಿ ಮುಚ್ಚುವುದಿಲ್ಲ. ಆದರೂ ಕಿವಿ ಎಡವುವ ಜಾಗಗಳು ಇವೆ. ಓಡಿದ ಎನ್ನಲು ‘ರ‍್ಯಾನ್’, ಗಂಟೆ ಬಾರಿಸಿದ ಎನ್ನಲು ‘ರ‍್ಯಾಙ್’. ಬೇಗ ಎಂಬರ್ಥದ ‘ಕ್ವಿಕ್ಲಿ’ ಮುಂದೆ ಇದ್ದರೆ ಎರಡೂ ಒಂದೇ ಆಗಿಬಿಡಬಹುದು. ಅವನು ಓಡಿದನೋ ಗಂಟೆ ಬಾರಿಸಿದನೋ, ಉಳಿದ ಮಾತು ಕೇಳಿಯೇ ತಿಳಿಯಬೇಕು.

ನೀವೂ ಪರೀಕ್ಷೆ ಮಾಡಬಹುದು, ಆದರೆ ನಿಮ್ಮ ಮೇಲೆ ಬೇಡ. ದನಿಯ ಮೇಲೆ ಗಮನ ಹೋದ ಕೂಡಲೇ ಮಾತು ನಿಧಾನವಾಗಿ, ನ್ ಅಚ್ಚುಕಟ್ಟಾಗಿ ಹೊರಡುತ್ತದೆ. ಇಂಗ್ಲಿಷ್ ಸರಾಗವಾಗಿ ಆಡುವ ಯಾರನ್ನಾದರೂ ಒಪ್ಪಿಸಿ, ಯಾವ ದನಿಗಾಗಿ ಎಂದು ಮಾತ್ರ ತಿಳಿಸದೆ, ವಿಮಾನ ಪ್ರಯಾಣದ ಬಗ್ಗೆ ಮಾತಾಡಿಸಿ ಫೋನಿನಲ್ಲಿ ವಿಡಿಯೊ ಮಾಡಿ. ಆಮೇಲೆ ಕ್ಯಾಬಿನ್ ಬ್ಯಾಗ್ ಬಂದ ಕಡೆ ವೇಗ ತಗ್ಗಿಸಿ ತುಟಿ ನೋಡಿ. ಮೂಗಿನ ದನಿ ಇನ್ನೂ ಕೇಳುತ್ತಿರುವಾಗಲೇ ತುಟಿ ಮುಚ್ಚಿದ್ದರೆ ಅದು ಕ್ಯಾಬಿಮ್. ಕ್ಯಾಬಿನ್ ಎಂದು ಹೇಳಿ ಅವರು ಒಂದು ಗಳಿಗೆ ತಡೆದು ಬ್ಯಾಗ್ ಎಂದಿದ್ದರೆ ನ್ ನ್ ಆಗಿಯೇ ಇರುತ್ತದೆ.