ಊರು ಬದಲಾದಾಗ ನೆನಪುಗಳೂ ಕಳೆದುಹೋಗುತ್ತವೆ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮಲ್ಲಿ ಕೆಲವರು ಈ ಜೂನ್‌ನಲ್ಲಿ ಕಾಲೇಜಿಗೆಂದು ಬೇರೆ ಊರಿನ ಹಾಸ್ಟೆಲ್ ಸೇರಲಿದ್ದೀರಿ. ಕೆಲವರಿಗೆ ನೌಕರಿಯ ಆದೇಶ ಕೈಸೇರಿದೆ. ಗಲ್ಫ್‌ಗೆ ಹೊರಟವರೂ ಇದ್ದೀರಿ. ಟ್ರಂಕಿನಲ್ಲಿ ಏನೇನು ತುಂಬಬೇಕೆಂದು ಮನೆಯವರು ಹೇಳಿಕೊಡುತ್ತಾರೆ. ಟ್ರಂಕಿನಲ್ಲಿ ತುಂಬಲಾಗದ ಒಂದು ವಸ್ತುವಿನ ಬಗ್ಗೆ ನಾನು ಹೇಳುತ್ತೇನೆ. ನಿಮ್ಮನ್ನು ಹೊತ್ತುಹೊತ್ತಿಗೆ ಎಚ್ಚರಿಸುತ್ತಿದ್ದ ಮನೆಯ ವ್ಯವಸ್ಥೆ ಅದು.

ನನ್ನದೇ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನನಗೆ ಶಿರಸಿಯಿಂದ ಕಲಬುರಗಿಗೆ ವರ್ಗವಾಯಿತು. ನನಗೆ ಥೈರಾಯ್ಡ್ ತೊಂದರೆಯಿದೆ, ದಿನಕ್ಕೊಂದು ಮಾತ್ರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಚಹಾ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಶಿರಸಿಯಲ್ಲಿ ವರ್ಷಗಟ್ಟಲೆ ತಗೊಂಡೆ, ಒಂದು ದಿನವೂ ಕಷ್ಟವೆನಿಸಲಿಲ್ಲ. ನನ್ನ ಜ್ಞಾಪಕಶಕ್ತಿ ಒಳ್ಳೆಯದೆಂದೇ ತಿಳಿದಿದ್ದೆ.

ಕಲಬುರಗಿಗೆ ಹೋದ ತಿಂಗಳೊಳಗೆ ಮೈಭಾರ, ನಿದ್ದೆಗಣ್ಣು, ತರಗತಿಯಲ್ಲಿ ನಿಂತರೆ ಸುಸ್ತು. ಬಿಸಿಲಿನ ಊರು, ಹೊಸ ಜಾಗ, ಹೀಗಾಗುವುದು ಸಹಜ ಎಂದುಕೊಂಡೆ. ಒಂದೂವರೆ ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಏರಿತ್ತು. ಅದು ಏರಿದರೆ ದೇಹಕ್ಕೆ ಥೈರಾಯ್ಡ್ ರಸ ಸಾಲುತ್ತಿಲ್ಲ ಎಂದರ್ಥ. ವೈದ್ಯರು ಕೇಳಿದರು, "ಗುಳಿಗಿ ತಪ್ಪದ ತಗೋತೀರೇನ್ರಿ?" "ಹೌದು ಡಾಕ್ಟರೇ, ದಿನಾ ತಗೋತೀನಿ" ಎಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ನಾನು ಹಾಗೇ ನಂಬಿದ್ದೆ. ಅವರು ನಕ್ಕು, "ನಾಳೆ ಡಬ್ಬಿ ತಗೊಂಡ ಬರ್ರಿ, ಎಣಿಸೋಣು" ಎಂದರು.

ಮರುದಿನ ಎಣಿಸಿದೆವು. ಹೊಸ ಊರಿಗೆ ಬಂದ ದಿನವೇ ನೂರು ಮಾತ್ರೆಯ ಡಬ್ಬಿ ತೆರೆದಿದ್ದೆ. ಅಂದಿಗೆ 45 ದಿನ ಕಳೆದಿತ್ತು. 55 ಮಾತ್ರೆ ಉಳಿದಿರಬೇಕಿತ್ತು, 69 ಉಳಿದಿದ್ದವು. ಅಂದರೆ 14 ದಿನ ತಪ್ಪಿತ್ತು! ಎಣಿಸದೇ ಇದ್ದಿದ್ದರೆ ಈ ಔಷಧಿ ಸಾಲದೆಂದು ಪ್ರಮಾಣ ಹೆಚ್ಚಾಗುತ್ತಿತ್ತು. ಆಮೇಲೆ ಯಾವಾಗಲೋ ನಾನು ಸರಿಯಾಗಿ ತಗೊಳ್ಳತೊಡಗಿದರೆ ಅದೇ ಪ್ರಮಾಣ ಅತಿಯಾಗಿ ಎದೆಬಡಿತ, ನಡುಕ ಬರುವ ಸಾಧ್ಯತೆಯಿತ್ತು. ಪ್ರಮಾಣ ಹಾಗೇ ಇಟ್ಟು, "ಮೊದಲ ಮರೆಯೋದನ್ನ ನಿಲ್ಲಸ್ರಿ" ಎಂದರು.

ಹಾಗಾದರೆ ಶಿರಸಿಯಲ್ಲಿ ನೆನಪಿಸುತ್ತಿದ್ದವರು ಯಾರು? ಕುಳಿತು ಯೋಚಿಸಿದೆ. ಅಲ್ಲಿ ಬೆಳಗ್ಗೆ ಎದ್ದವಳು ಸ್ನಾನದ ಹಂಡೆಗೆ ಬೆಂಕಿ ಹಾಕುತ್ತಿದ್ದೆ. ಮಾತ್ರೆ ಡಬ್ಬಿ ಬಚ್ಚಲಿನ ಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕದಲ್ಲೇ ಇರುತ್ತಿತ್ತು. ಬೆಂಕಿಪೊಟ್ಟಣಕ್ಕೆ ಕೈ ಹೋದರೆ ಡಬ್ಬಿಗೂ ಹೋಗುತ್ತಿತ್ತು. ನೀರು ಕಾದು, ಸ್ನಾನ ಮುಗಿದು, ಚಹಾಕ್ಕೆ ಬರುವಷ್ಟರಲ್ಲಿ ಅರ್ಧ ಗಂಟೆ ತಾನಾಗಿ ಕಳೆಯುತ್ತಿತ್ತು. ನೆನಪಿಟ್ಟವಳು ನಾನಲ್ಲ, ಹಂಡೆ. ಕಲಬುರಗಿಯ ಬಾಡಿಗೆ ಮನೆಯಲ್ಲಿ ಸೋಲಾರ್ ನೀರು, ಹಂಡೆಯಿಲ್ಲ, ಬೆಂಕಿಪೊಟ್ಟಣವಿಲ್ಲ. ಅದರ ಮೇಲೆ ಮನೆಯೊಡತಿ ಖಾಲಾ ಪ್ರೀತಿಯಿಂದ ಬೆಳ್‌ಬೆಳಿಗ್ಗೆಯೇ ಚಹಾ ಕಳಿಸುತ್ತಿದ್ದರು. ಚಹಾ ಕುಡಿದ ಮೇಲೆ ಮಾತ್ರೆ ನೆನಪಾದರೆ, "ಸ್ವಲ್ಪ ಹೊತ್ತು ಬಿಟ್ಟು ತಗೊಂಡರಾಯಿತು" ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಶಾಲೆಯ ಹೊತ್ತು.

ಇದು ನನ್ನೊಬ್ಬಳ ಅನುಭವವಲ್ಲ. ಅಮೆರಿಕೆಯ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಹೋದ ವಿದ್ಯಾರ್ಥಿಗಳನ್ನು ಗಮನಿಸಿದರು. ವ್ಯಾಯಾಮ ಮಾಡುವುದು, ಪತ್ರಿಕೆ ಓದುವುದು, ಟಿ.ವಿ. ನೋಡುವುದು ಇಂಥ ರೂಢಿಗಳು, ಸುತ್ತಲಿನ ಸನ್ನಿವೇಶ ಹಳೆಯದರಂತೆಯೇ ಇದ್ದಲ್ಲಿ ಮುಂದುವರಿದವು. ಸನ್ನಿವೇಶ ಬದಲಾದಲ್ಲಿ ರೂಢಿಯ ಹಿಡಿತ ಸಡಿಲವಾಯಿತು. ಆಗ ಮನುಷ್ಯ ಮನಸ್ಸಿಟ್ಟು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಊರಿನ ಮೊದಲ ವಾರಗಳಲ್ಲಿ ಮನಸ್ಸಿಗೆ ಬೇರೆ ನೂರು ಕೆಲಸ ಇರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಮೊಬೈಲಿನಲ್ಲಿ ಐದೂವರೆಗೆ ಅಲಾರಂ. ಮೂರು ವಾರದ ನಂತರ ಮತ್ತೆ ಎಣಿಸಿದೆ. ಉಳಿಯಬೇಕಾದದ್ದು 48, ಉಳಿದದ್ದು 54. ಮೊದಲ ಒಂಬತ್ತು ದಿನ ಒಂದೂ ತಪ್ಪಿರಲಿಲ್ಲ. ಆಮೇಲಿನ ಹನ್ನೆರಡು ದಿನಗಳಲ್ಲಿ ಆರು ತಪ್ಪಿದ್ದವು. ಕಾರಣ ಸರಳ. ಅಲಾರಂ ಹೊಡೆಯುವಾಗ ನಾನು ಹಾಸಿಗೆಯಲ್ಲಿ, ಡಬ್ಬಿ ಅಡುಗೆಮನೆಯಲ್ಲಿ. ಸದ್ದು ನಿಲ್ಲಿಸುತ್ತಿದ್ದೆ, "ಎದ್ದಮೇಲೆ ತಗೋತೀನಿ" ಎಂದುಕೊಳ್ಳುತ್ತಿದ್ದೆ, ಅಲ್ಲಿಗೆ ಮುಗಿಯಿತು. ಸ್ವಲ್ಪ ದಿನಕ್ಕೆ ಬೆರಳು ನಿದ್ದೆಯಲ್ಲೇ ಅದನ್ನು ನಿಲ್ಲಿಸಲು ಕಲಿಯಿತು. ನಿಮ್ಮ ಅಲಾರಂ ಕೆಟ್ಟಿದೆಯೇ ಎಂದು ತಿಳಿಯಲು ಇದೇ ಗುರುತು: ಸದ್ದು ನಿಲ್ಲಿಸಿದ್ದು ನೆನಪಿದ್ದು, ಕೆಲಸ ಮಾಡಿದ್ದು ನೆನಪಿಲ್ಲದಿದ್ದರೆ, ಅದು ನಿಮಗೆ ನೆನಪಿಸುತ್ತಿಲ್ಲ, ಬರೀ ಕೂಗುತ್ತಿದೆ. ಎಚ್ಚರಿಕೆ ಬರುವ ಜಾಗದಲ್ಲಿ, ಬಂದ ಗಳಿಗೆಯಲ್ಲೇ ಕೆಲಸ ಮಾಡಲು ಸಾಧ್ಯವಾಗಬೇಕು.

ಎರಡನೆಯ ಸಲ ಬುದ್ಧಿ ಬಂತು. ಮೂರು ದಿನ ಏನನ್ನೂ ಬದಲಿಸದೆ, ಎದ್ದಾಗಿನಿಂದ ಚಹಾದವರೆಗೆ ಹೊಸ ಮನೆಯಲ್ಲಿ ನಿಜವಾಗಿ ಏನೇನು ನಡೆಯುತ್ತದೆಂದು ಹಳೆಯ ಡೈರಿಯಲ್ಲಿ ಬರೆದೆ. ಏನು ನಡೆಯಬೇಕು ಎಂದಲ್ಲ, ಏನು ನಡೆಯಿತು ಎಂದು. ಮಾತ್ರೆಯನ್ನು ಕಟ್ಟಿಹಾಕಲು ಆ ಪಟ್ಟಿಯಲ್ಲಿ ಒಂದು ಗೂಟ ಹುಡುಕಿದೆ. ನಲ್ಲಿ ನೀರು ಬಂದಾಗ ಮೋಟಾರು ಹಾಕುವುದಿತ್ತು. ಆದರೆ ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಫಜ್ರ್ ನಮಾಝಿಗೆ ಕಟ್ಟೋಣವೆಂದರೆ, ಸಹೋದರಿಯರಿಗೆ ತಿಂಗಳಲ್ಲಿ ಕೆಲವು ದಿನ ನಮಾಝಿನ ರಿಯಾಯಿತಿ ಇರುತ್ತದೆ. ಆ ದಿನಗಳಲ್ಲಿ ಗೂಟವೇ ಮಾಯ. ಖಾಲಾ ಕಳಿಸುವ ಚಹಾ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಉಳಿದದ್ದು ಒಂದೇ, ಹಲ್ಲುಜ್ಜುವುದು. ಅದು ಭಾನುವಾರವೂ ಉಂಟು, ಜ್ವರ ಬಂದಾಗಲೂ ಉಂಟು, ಚಹಾಕ್ಕಿಂತ ಮೊದಲೂ ಹೌದು. ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು, ಬಚ್ಚಲಿನ ಹೊರಗೆ ಬ್ರಷ್ ಇಡುವ ಗೂಡಿಗೆ ತಂದೆ. ಬಚ್ಚಲಿನೊಳಗೆ ಇಡಲಿಲ್ಲ, ಹಸಿಗೆ ಮಾತ್ರೆ ಹಾಳಾಗುತ್ತದೆ. ಶಿರಸಿಯ ಬಚ್ಚಲಿನಲ್ಲಿ ಇಟ್ಟದ್ದೂ ತಪ್ಪೇ, ಇರಲಿ. ಪಕ್ಕದಲ್ಲಿ ಒಂದು ಲೋಟ ನೀರು. "ಬ್ರಷ್ ಗೂಡಿಗೆ ಇಟ್ಟ ಕೂಡಲೇ ಮಾತ್ರೆ ನುಂಗುತ್ತೇನೆ" ಎಂದು ಡೈರಿಯಲ್ಲಿ ಬರೆದೆ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಈ ಬಗೆಯ ವಾಕ್ಯವನ್ನೇ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. "ದಿನಾ ಮಾತ್ರೆ ತಗೋಬೇಕು" ಎಂಬ ಸಂಕಲ್ಪಕ್ಕಿಂತ, "ಇದು ಆದಾಗ ಅದು ಮಾಡುತ್ತೇನೆ" ಎಂಬ ಸಂಕಲ್ಪ ಹೆಚ್ಚು ಕೈಗೂಡುತ್ತದೆ. ಆಮೇಲೆ ವುಝೂ, ನಮಾಝ್, ಸ್ವಲ್ಪ ಓದು; ಅರ್ಧ ಗಂಟೆ ಕಳೆಯುತ್ತದೆ. ಖಾಲಾರಿಗೆ ವಿಷಯ ತಿಳಿಸಿ, ಚಹಾ ಆರೂವರೆಯ ನಂತರ ಕಳಿಸಿ ಎಂದು ಕೇಳಿಕೊಂಡೆ. "ಮೊದಲೇ ಹೇಳಬಾರದಿತ್ತೇನಮ್ಮಾ" ಎಂದು ಅವರು ಬೈದರು. ಮೂವತ್ತು ದಿನದ ನಂತರ ಎಣಿಸಿದರೆ ಒಂದೇ ಒಂದು ಹೆಚ್ಚು ಉಳಿದಿತ್ತು, ಮದುವೆಗೆಂದು ಊರಿಗೆ ಹೋದ ದಿನದ್ದು.

ರೂಢಿಯಾಗಲು ಎಷ್ಟು ದಿನ ಬೇಕೆಂದು ಕೇಳುತ್ತೀರಿ. 21 ದಿನವೆಂಬ ಮಾತು ಎಲ್ಲೆಡೆ ಓಡಾಡುತ್ತದೆ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುಮಟ್ಟದ ಅವಧಿ 66 ದಿನ ಬಂತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ ಲೆಕ್ಕದ ಪ್ರಕಾರ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ಹಾನಿಯಾಗಲಿಲ್ಲ. ಆದ್ದರಿಂದ ಹೊಸ ಊರಿನಲ್ಲಿ ಎರಡು ತಿಂಗಳಾದರೂ ಎಣಿಕೆಯನ್ನು ಬಿಡಬೇಡಿ. "ತಗೊಂಡೆ ಅನಿಸುತ್ತದೆ" ಎಂಬ ಮಾತನ್ನು ನಂಬಬೇಡಿ, ಡಬ್ಬಿಯನ್ನು ನಂಬಿ.

ಗೂಟ ಗಟ್ಟಿಯೆನಿಸಿದ ಮೇಲೂ ಅದು ಎಂದು ಕಿತ್ತುಬರುತ್ತದೆಂದು ಮುಂಚೆಯೇ ನೋಡಿಕೊಳ್ಳಬೇಕು. ನನ್ನದು ಕಿತ್ತುಬಂದದ್ದು ರಮಝಾನಿನಲ್ಲಿ. ಹಲ್ಲುಜ್ಜಿದ ಕೂಡಲೇ ಸಹರಿಗೆ ಕೂತರೆ ಅರ್ಧ ಗಂಟೆಯ ಅಂತರ ಎಲ್ಲಿ? ವೈದ್ಯರನ್ನು ಕೇಳಿದೆ. ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ತಗೊಳ್ಳಿ, ಇಲ್ಲವೇ ರಾತ್ರಿ ಕೊನೆಯ ಊಟವಾಗಿ ಮೂರು ಗಂಟೆಯ ನಂತರ ಮಲಗುವಾಗ ತಗೊಳ್ಳಿ ಎಂದರು. ನಾನು ಮೊದಲನೆಯದನ್ನು ಆರಿಸಿ, ಆ ತಿಂಗಳಿಗೆ ಮಾತ್ರ ಡಬ್ಬಿಯನ್ನು ದಿಂಬಿನ ಪಕ್ಕ ನೀರಿನ ಬಾಟಲಿಯ ಜೊತೆ ಇಟ್ಟೆ. ಅಲಾರಂ ಆಗ ಉಪಯೋಗಕ್ಕೆ ಬಂತು, ಏಕೆಂದರೆ ಅದು ಕೂಗಿದ ಕಡೆಯೇ ಮಾತ್ರೆ ಇತ್ತು. ಬೇರೆ ಔಷಧಿಯಿದ್ದವರು, ವಿಶೇಷವಾಗಿ ಸಕ್ಕರೆ ಕಾಯಿಲೆಯವರು, ಸ್ವಂತ ಬುದ್ಧಿಯಿಂದ ಹೊತ್ತು ಬದಲಿಸಬೇಡಿ. ರಮಝಾನಿಗೆ ಮುಂಚೆಯೇ ಅವರವರ ವೈದ್ಯರನ್ನು ಕಾಣಿ.

ಗಲ್ಫ್‌ಗೆ ಹೊರಟವರಿಗೆ ಇನ್ನೊಂದು ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೌದಿಗೆ ಹೋದ. ಊರಿನಲ್ಲಿದ್ದಾಗ ಮೊಬೈಲಿನ ಕ್ಯಾಲೆಂಡರಿನಲ್ಲಿ ಬೆಳಗಿನ ಆರು ಗಂಟೆಗೆ ನೆನಪೋಲೆ ಇಟ್ಟಿದ್ದ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ; ಕ್ಯಾಲೆಂಡರು ಭಾರತದ ಆರನ್ನೇ ಹಿಡಿದುಕೊಂಡು ರಾತ್ರಿ ಮೂರೂವರೆಗೆ ಕೂಗತೊಡಗಿತು. ಗಡಿಯಾರದ ಅಲಾರಂ ಹಾಗಲ್ಲ, ಅದು ಹೋದ ಊರಿನ ಆರು ಗಂಟೆಗೇ ಹೊಡೆಯುತ್ತದೆ. ಅವನ ಕೆಲಸದ ನೆನಪೋಲೆಗಳು ಸೋಮವಾರದಿಂದ ಶುಕ್ರವಾರಕ್ಕೆ ಇದ್ದವು. ಅಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಡ್ಯೂಟಿಯ ದಿನ, ಫೋನು ಮೌನ. ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದುಕೊಂಡ. ಹಳೆಯದನ್ನು ತಿದ್ದುವುದಕ್ಕಿಂತ ಅದೇ ಸುಲಭವಾಯಿತಂತೆ.

ಹಾಸ್ಟೆಲ್ ಸೇರುವ ಮಕ್ಕಳೇ, ನಿಮ್ಮ ಹಂಡೆ ಯಾವುದೆಂದು ಹೊರಡುವ ಮೊದಲು ಪತ್ತೆ ಮಾಡಿ. ಬಹಳ ಜನರಿಗೆ ಅದು ಅಮ್ಮಿಯ ದನಿ: "ಇನ್‌ಹೇಲರ್ ಇಟ್ಕೊಂಡ್ಯಾ? ಫೀಸಿನ ಕೊನೇ ದಿನ ಯಾವತ್ತು?" ಮನೆಯಲ್ಲಿ ಕೂತು ಒಂದು ವಾರ, ಅವರು ನಿಮಗೆ ನೆನಪಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮರೆತರೆ ನಿಜವಾದ ನಷ್ಟವಾಗುವ ಎರಡು ಮೂರನ್ನು ಮಾತ್ರ ಮೊದಲ ತಿಂಗಳಿಗೆ ಆರಿಸಿ, ಒಂದೊಂದಕ್ಕೂ ಹಾಸ್ಟೆಲ್ಲಿನಲ್ಲಿ ಒಂದೊಂದು ಗೂಟ ಹುಡುಕಿ. ಉಳಿದದ್ದು ಕೋಣೆಯ ಬಾಗಿಲ ಒಳಬದಿಗೆ ಅಂಟಿಸಿದ ಚೀಟಿಯಲ್ಲಿರಲಿ. ಆ ಹಾಳೆಯನ್ನು ಅಮ್ಮಿಗೂ ಒಮ್ಮೆ ತೋರಿಸಿ. ನೀವು ಬಿಟ್ಟದ್ದನ್ನು ಅವರು ಸೇರಿಸುತ್ತಾರೆ.