ಗಡುವು ದಾಟಿದ ಮೇಲೆ

ಹಣ ಕಟ್ಟಲು ತಡವಾಗಿ ಮೇಲೆ ದಂಡ ಬಿದ್ದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತೇವೆ. ‘ಹಾಳಾಗಿ ಹೋಗಲಿ’ ಎಂದು ತೆತ್ತು ಸುಮ್ಮನಾಗುತ್ತೇವೆ. ಇಲ್ಲವೆ ಫೋನು ಮಾಡಿ, ಅದರ ಆ ಕಡೆಯಲ್ಲಿರುವ ಯಾರೋ ಹುಡುಗನನ್ನು ಗದರಿಸಿ ಸಮಾಧಾನಪಟ್ಟುಕೊಳ್ಳುತ್ತೇವೆ. ಎರಡರಿಂದಲೂ ಹಣ ಹಿಂದಕ್ಕೆ ಬರುವುದಿಲ್ಲ. ದಂಡವನ್ನು ಬಿಡಿಸಿಕೊಳ್ಳಬೇಕೆಂದಿರುವವರು ಮೊದಲು ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ನಾನು ಕೇಳಲು ಹೊರಟಿರುವುದು ನನಗೆ ಸಲ್ಲಬೇಕಾದ ಹಕ್ಕೋ, ಅಥವಾ ಎದುರಿನವರು ತೋರಬಹುದಾದ ರಿಯಾಯಿತಿಯೋ? ಈ ಎರಡಕ್ಕೂ ದಾರಿ ಬೇರೆ, ಮಾತಿನ ಧಾಟಿಯೂ ಬೇರೆ.

ಕೆಲವು ದಂಡಗಳನ್ನು ಬಿಡುವ ಅಧಿಕಾರ ಎದುರಿಗೆ ಕುಳಿತವರಿಗೆ ಇರುವುದೇ ಇಲ್ಲ. ವಿದ್ಯುತ್ ಬಿಲ್ಲನ್ನೇ ನೋಡಿ. ತಡವಾದ ದಿನಗಳಿಗೆ ತಿಂಗಳಿಗೆ ನೂರಕ್ಕೆ 1 ರೂಪಾಯಿಯಂತೆ ಬೆಸ್ಕಾಂ ಬಡ್ಡಿ ಹಾಕುತ್ತದೆ. ಇದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಬರುವ ಮಾತು. ಕೌಂಟರಿನ ಗುಮಾಸ್ತರು ಅದನ್ನು ತಾವಾಗಿ ಬಿಡಲಾರರು. ಎರಡು ಸಾವಿರದ ಬಿಲ್ಲು ಹತ್ತು ದಿನ ತಡವಾದರೆ ಬಡ್ಡಿ ಏಳು ರೂಪಾಯಿಯೊಳಗೆ ಮುಗಿಯುತ್ತದೆ. ಅಲ್ಲಿ ವಾದಕ್ಕಿಂತ ಬೇಗ ಕಟ್ಟಿ ಸಂಪರ್ಕ ಉಳಿಸಿಕೊಳ್ಳುವುದೇ ಜಾಣತನ. ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ಸಂಗತಿ ಹಾಗಲ್ಲ. ಅಲ್ಲಿ ದಂಡದ ಮೊತ್ತ ದೊಡ್ಡದು. ಅದನ್ನು ಗೊತ್ತುಮಾಡುವುದು ಬ್ಯಾಂಕೇ. ಬಿಡುವ ಅಧಿಕಾರವೂ ಬ್ಯಾಂಕಿಗೇ ಇದೆ. ಆದ್ದರಿಂದ ಕೇಳುವುದಕ್ಕೆ ಅರ್ಥವಿರುವುದು ಅಲ್ಲಿಯೇ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬನಶಂಕರಿ ಎರಡನೆಯ ಹಂತದಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರಿದ್ದಾರೆ ಎಂದಿಟ್ಟುಕೊಳ್ಳಿ. ಮೇ 20ರಂದು ಅವರು ಕಾರ್ಡಿನ ಮೇಲೆ 14,000 ರೂಪಾಯಿಗೆ ಒಂದು ಬಟ್ಟೆ ಒಗೆಯುವ ಯಂತ್ರ ಕೊಂಡರು. ಜೂನ್ 5ರಂದು ಲೆಕ್ಕಪಟ್ಟಿ ಬಂತು. ಹಣ ಕಟ್ಟಲು ಜೂನ್ 25 ಗಡುವು. 22ರ ರಾತ್ರಿ ಎದೆನೋವೆಂದು ಅವರನ್ನು ಆಸ್ಪತ್ರೆಗೆ ಸೇರಿಸಿದರು. 29ರ ಸಂಜೆ ಮನೆಗೆ ಬಂದರು. ಮರುದಿನ, 30ರಂದು, ಪೂರ್ತಿ ಹಣ ಕಟ್ಟಿದರು. ಜುಲೈ 5ರ ಲೆಕ್ಕಪಟ್ಟಿಯಲ್ಲಿ ‘ತಡಪಾವತಿ ಶುಲ್ಕ 750 ರೂಪಾಯಿ’ ಎಂದು ಬರೆದಿತ್ತು.

ಇಲ್ಲಿ ಮೊದಲು ನೋಡಬೇಕಾದದ್ದು ದಿನಗಳ ಲೆಕ್ಕ. ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ಕಾರ್ಡುದಾರರಿಗೆ ಅನುಕೂಲವಾದ ಒಂದು ನಿಯಮವಿದೆ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಬ್ಯಾಂಕು ತಡಪಾವತಿ ಶುಲ್ಕ ಹಾಕಬಹುದು. ಸಾಲದ ದಾಖಲೆ ಇಡುವ ಸಂಸ್ಥೆಗಳಿಗೆ ‘ಬಾಕಿದಾರ’ ಎಂದು ವರದಿ ಮಾಡುವುದೂ ಆಮೇಲೆಯೇ. ಶುಲ್ಕವನ್ನು ಲೆಕ್ಕಹಾಕಬೇಕಾದದ್ದು ಗಡುವಿನ ಬಳಿಕವೂ ಉಳಿದ ಬಾಕಿಯ ಮೇಲೆಯೇ ಹೊರತು ಲೆಕ್ಕಪಟ್ಟಿಯ ಒಟ್ಟು ಮೊತ್ತದ ಮೇಲೆ ಅಲ್ಲ. ನಮ್ಮ ಮೇಷ್ಟರು 28ರೊಳಗೆ ಕಟ್ಟಿದ್ದರೆ ಆ 750 ರೂಪಾಯಿಯನ್ನು ಬೇಡಬೇಕಾಗಿಯೇ ಇರಲಿಲ್ಲ. ‘ನಿಯಮದಂತೆ ಇದು ಸಲ್ಲದು, ತೆಗೆಯಿರಿ’ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಗಡುವಿನೊಳಗೇ ಹಣ ಕಳಿಸಿ, ಅದು ಬ್ಯಾಂಕಿನ ಲೆಕ್ಕಕ್ಕೆ ತಡವಾಗಿ ಜಮೆಯಾಗಿದ್ದರೂ ಹಾಗೆಯೇ. ಹಣ ಕಳಿಸಿದ ದಿನವನ್ನೂ ವ್ಯವಹಾರದ ಸಂಖ್ಯೆಯನ್ನೂ ತೋರಿಸಿ ಕೇಳಬಹುದು. ಇವೆಲ್ಲ ಹಕ್ಕಿನ ಮಾತು.

ಆದರೆ ಮೇಷ್ಟರು ಕಟ್ಟಿದ್ದು ಐದನೆಯ ದಿನ. ಆಸ್ಪತ್ರೆಯಲ್ಲಿದ್ದವರಿಗೆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ಶುಲ್ಕ ನಿಯಮದಂತೆಯೇ ಬಿದ್ದಿದೆ. ಅದನ್ನು ಬಿಡುವುದು ಬ್ಯಾಂಕಿನ ಇಷ್ಟ. ಆದ್ದರಿಂದ ಅವರು ಕೇಳಬೇಕಾದದ್ದು ರಿಯಾಯಿತಿ. ಈ ಭೇದವನ್ನು ಅರಿಯದೆ ‘ಅನ್ಯಾಯ, ಮೋಸ’ ಎಂದು ಬರೆದರೆ, ಓದುವವರು ನಿಯಮವನ್ನು ತೆಗೆದು ನೋಡಿ ‘ಶುಲ್ಕ ಸರಿಯಾಗಿದೆ’ ಎಂದು ಒಂದೇ ಮಾತಿನಲ್ಲಿ ಕಡತ ಮುಚ್ಚುತ್ತಾರೆ.

ಇನ್ನು ಎರಡನೆಯ ಸಂಗತಿ. ಕಳೆದುಕೊಂಡದ್ದು ಎಷ್ಟು? 750 ಎಂದು ಮೇಷ್ಟರು ತಿಳಿದಿದ್ದಾರೆ. ಲೆಕ್ಕಪಟ್ಟಿಯನ್ನು ಸಾಲುಸಾಲಾಗಿ ಓದಿದರೆ ಬೇರೆಯೇ ಕಾಣುತ್ತದೆ. ಶುಲ್ಕದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ., ಅಂದರೆ 135 ರೂಪಾಯಿ. ಅದರ ಕೆಳಗೆ ಬಡ್ಡಿ. ಗಡುವಿನೊಳಗೆ ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿಯ ಸೌಲಭ್ಯವೇ ತಪ್ಪಿಹೋಗುತ್ತದೆ. ಬಡ್ಡಿಯನ್ನು ಗಡುವಿನಿಂದಲ್ಲ, ವಸ್ತು ಕೊಂಡ ದಿನದಿಂದ ಎಣಿಸುತ್ತಾರೆ. ಮೇ 20ರಿಂದ ಜೂನ್ 30ರವರೆಗೆ 41 ದಿನ. ಆ ಬ್ಯಾಂಕಿನ ದರ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ ವರ್ಷಕ್ಕೆ 42 ಎಂದಾದರೆ, 14,000ಕ್ಕೆ ದಿನವೊಂದಕ್ಕೆ 16 ರೂಪಾಯಿಗೆ ತುಸು ಮೇಲೆ. ಒಟ್ಟು ಸುಮಾರು 660. ಅದರ ಮೇಲೂ ಜಿ.ಎಸ್.ಟಿ., ಸುಮಾರು 119. ಎಲ್ಲ ಕೂಡಿದರೆ 1,664 ರೂಪಾಯಿ. ‘ಶುಲ್ಕ ಬಿಡಿ’ ಎಂದಷ್ಟೇ ಬರೆದವರಿಗೆ 750 ಹಿಂದಕ್ಕೆ ಬಂದೀತು. ಉಳಿದ 914 ರೂಪಾಯಿ, ಅರ್ಧಕ್ಕಿಂತ ಹೆಚ್ಚು, ಕೇಳದೆಯೇ ಹೋದೀತು. ಮೂರು ದಿನದ ನಿಯಮ ಈ ಬಡ್ಡಿಯನ್ನು ತಡೆಯುವುದಿಲ್ಲವೆಂಬುದನ್ನೂ ನೆನಪಿಡಿ. ಅದು ದಂಡಕ್ಕೆ ಮಾತ್ರ.

ಆದ್ದರಿಂದ ಪತ್ರದಲ್ಲಿ ಬಾಬುಗಳನ್ನು ಒಂದೊಂದಾಗಿ ಹೆಸರಿಸಬೇಕು. ಮೇಷ್ಟರು ಹೀಗೆ ಬರೆಯಬಹುದು:

‘ಮಾನ್ಯರೆ, ನನ್ನ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು ಇಂಥವು. ಜೂನ್ 25ರಂದು ಕಟ್ಟಬೇಕಾಗಿದ್ದ 14,000 ರೂಪಾಯಿಯನ್ನು ಜೂನ್ 30ರಂದು ಪೂರ್ತಿಯಾಗಿ ಕಟ್ಟಿದ್ದೇನೆ. ಜೂನ್ 22ರಿಂದ 29ರವರೆಗೆ ನಾನು ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳಿರುವ ಪುಟವನ್ನು ಲಗತ್ತಿಸಿದ್ದೇನೆ. ಇದಕ್ಕೆ ಹಿಂದಿನ ಹನ್ನೆರಡು ತಿಂಗಳೂ ಗಡುವಿನೊಳಗೆ ಪೂರ್ತಿ ಹಣ ಕಟ್ಟಿದ್ದೇನೆ. ಜುಲೈ 5ರ ಲೆಕ್ಕಪಟ್ಟಿಯಲ್ಲಿರುವ ತಡಪಾವತಿ ಶುಲ್ಕ 750, ಬಡ್ಡಿ 660, ಇವುಗಳ ಮೇಲಿನ ಜಿ.ಎಸ್.ಟಿ. 254, ಒಟ್ಟು 1,664 ರೂಪಾಯಿಯನ್ನು ಈ ಒಂದು ಸಲ ರಿಯಾಯಿತಿಯಾಗಿ ಹಿಂದಕ್ಕೆ ಜಮಾ ಮಾಡಬೇಕೆಂದು ಕೋರುತ್ತೇನೆ. ತಮ್ಮ ತೀರ್ಮಾನವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.’

ಇದರಲ್ಲಿ ಕೋಪವಿಲ್ಲ, ಗೋಳೂ ಇಲ್ಲ. ಓದುವ ಅಧಿಕಾರಿಗೆ ಬೇಕಾದ ನಾಲ್ಕು ಸಂಗತಿಗಳಿವೆ: ಹಣ ಈಗ ಬಂದಿದೆ, ತಡವಾದ ಕಾರಣಕ್ಕೆ ಸಾಕ್ಷಿಯಿದೆ, ಹಿಂದಿನ ನಡತೆ ಚೆನ್ನಾಗಿದೆ, ಕೇಳಿದ ಮೊತ್ತ ಇಷ್ಟು. ಆಸ್ಪತ್ರೆಯ ಕಾಗದವನ್ನೆಲ್ಲ ಕಳಿಸಬೇಕಾಗಿಲ್ಲ. ರೋಗವೇನು, ಔಷಧವೇನು ಎಂಬುದು ಬ್ಯಾಂಕಿಗೆ ಬೇಡ; ದಿನಾಂಕಗಳು ಸಾಕು.

ಪತ್ರವನ್ನು ಯಾರಿಗೆ ಕೊಡಬೇಕು? ಮನೆಯ ಹತ್ತಿರದ ಶಾಖೆಗೆ ಹೋದರೆ, ಮ್ಯಾನೇಜರು ಎಷ್ಟೇ ಪರಿಚಿತರಾಗಿದ್ದರೂ, ‘ಕಾರ್ಡಿನ ವಿಭಾಗ ಬೇರೆ ಸಾರ್’ ಎಂದು ಹೇಳುವುದೇ ಹೆಚ್ಚು. ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ದೂರವಾಣಿಗೆ ಮೊದಲು ಕರೆ ಮಾಡಿ, ಕೋರಿಕೆಯನ್ನು ದಾಖಲು ಮಾಡಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಒಪ್ಪದಿದ್ದರೆ ಲೆಕ್ಕಪಟ್ಟಿಯಲ್ಲಿಯೂ ಬ್ಯಾಂಕಿನ ಜಾಲತಾಣದಲ್ಲಿಯೂ ಕೊಟ್ಟಿರುವ ಕುಂದುಕೊರತೆ ಅಧಿಕಾರಿಗೆ ಪತ್ರ ಕಳಿಸಿ. ದೂರವಾಣಿಯವರಿಗೆ ಶುಲ್ಕವನ್ನು ಬಿಡುವ ಅಧಿಕಾರವಿದ್ದರೂ ಬಡ್ಡಿಯನ್ನು ಬಿಡುವಷ್ಟು ಇರದೆ ಹೋಗಬಹುದು. ಮೇಲಿನವರಿಗೆ ಬರೆಯುವುದು ಅದಕ್ಕಾಗಿ. ಹಾಗೆಯೇ, ‘ದಂಡ ಮನ್ನಾ ಮಾಡುತ್ತೇವೆ’ ಎಂದು ತಾವಾಗಿ ಕರೆ ಮಾಡಿ, ಕಾರ್ಡಿನ ಹಿಂಬದಿಯ ಮೂರಂಕಿಯನ್ನೋ ಫೋನಿಗೆ ಬಂದ ಓ.ಟಿ.ಪಿ.ಯನ್ನೋ ಕೇಳುವವರು ಬ್ಯಾಂಕಿನವರಲ್ಲ. ಹಣ ಹಿಂದಕ್ಕೆ ಕೊಡಲು ಅವೆರಡೂ ಬೇಕಾಗಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ‘ದಂಡದ ವಿಷಯ ಇತ್ಯರ್ಥವಾಗಲಿ’ ಎಂದು ಆ 1,664ನ್ನು ತಾವೇ ಮುರಿದುಕೊಂಡು ಮುಂದಿನ ತಿಂಗಳ ಉಳಿದ ಹಣವನ್ನಷ್ಟೇ ಕಟ್ಟುತ್ತಾರೆ. ಬ್ಯಾಂಕಿನ ಯಂತ್ರಕ್ಕೆ ನಿಮ್ಮ ಪತ್ರ ತಿಳಿಯದು. ಪೂರ್ತಿ ಕಟ್ಟಿಲ್ಲವೆಂಬುದಷ್ಟೇ ತಿಳಿಯುತ್ತದೆ. ಬಡ್ಡಿಯಿಲ್ಲದ ಅವಧಿ ಮತ್ತೊಮ್ಮೆ ತಪ್ಪುತ್ತದೆ, ಹೊಸ ಖರ್ಚಿಗೂ ಬಡ್ಡಿ ಹತ್ತುತ್ತದೆ. ಆದ್ದರಿಂದ ದಂಡವನ್ನೂ ಸೇರಿಸಿ ಗಡುವಿನೊಳಗೆ ಕಟ್ಟಿ, ಅದನ್ನು ಹಿಂದಕ್ಕೆ ಕೇಳುವುದೇ ಕ್ಷೇಮ. ಮನ್ನಾ ಆಯಿತೆಂದು ಹೇಳಿದ ಮೇಲೆಯೂ ಮುಂದಿನ ಲೆಕ್ಕಪಟ್ಟಿಯಲ್ಲಿ ಜಮೆಯ ಸಾಲುಗಳನ್ನು ನೋಡಿ. 750 ಬಂದು ಅದರ 135 ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ.

ಬ್ಯಾಂಕು ಒಪ್ಪದಿದ್ದರೆ? ಮೊದಲಿನ ಪ್ರಶ್ನೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಬ್ಯಾಂಕಿಗೆ ಬರೆದು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ cms.rbi.org.in ಮೂಲಕ ದೂರು ಕೊಡಬಹುದು, ಶುಲ್ಕವಿಲ್ಲ. ಎರಡನೆಯ ದಿನ ಕಟ್ಟಿದವರಿಗೆ ಶುಲ್ಕ ಹಾಕಿದ್ದರೆ ಆ ದೂರಿಗೆ ಬಲವಿದೆ. ಆದರೆ ಬ್ಯಾಂಕಿನ ವ್ಯಾಪಾರದ ತೀರ್ಮಾನಗಳನ್ನು ಓಂಬುಡ್ಸ್‌ಮನ್ನರು ವಿಚಾರಿಸುವುದಿಲ್ಲ. ಐದನೆಯ ದಿನ ಕಟ್ಟಿದ ಮೇಷ್ಟರಿಗೆ ಬ್ಯಾಂಕು ರಿಯಾಯಿತಿ ಕೊಡಲಿಲ್ಲವೆಂದರೆ ಅಲ್ಲಿಯೂ ದೊರಕಲಾರದು.

ಇನ್ನೊಂದು ಮಿತಿಯೂ ಇದೆ. ಹಣ ಮರಳಿದರೂ, ಐದು ದಿನ ತಡವಾಯಿತೆಂಬ ವರದಿ ಸಾಲದ ದಾಖಲೆಗೆ ಹೋಗಿದ್ದರೆ ಅದು ಅಳಿಸಿಹೋಗುವುದಿಲ್ಲ. ಅದು ನಿಜವಾದ ಸಂಗತಿ. ಮಗನ ಮನೆಸಾಲಕ್ಕೆ ಮೇಷ್ಟರು ಜೊತೆಗೆ ಸಹಿ ಹಾಕಬೇಕೆಂದಿದ್ದರೆ ಆ ಐದು ದಿನಗಳ ಬೆಲೆ ರೂಪಾಯಿಗಿಂತ ಹೆಚ್ಚಾದೀತು. ಇದಕ್ಕೆ ಪತ್ರದಲ್ಲಿ ಪರಿಹಾರವಿಲ್ಲ. ಇರುವುದು ಮೊದಲೇ ಮಾಡಿಡುವ ಏರ್ಪಾಟಿನಲ್ಲಿ. ಪಿಂಚಣಿ ಬರುವ ಉಳಿತಾಯ ಖಾತೆಯಿಂದ ಗಡುವಿನ ದಿನ ಹಣ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದರೆ, ಹಾಸಿಗೆಯ ಮೇಲಿದ್ದ ಆ ಏಳು ದಿನಗಳಲ್ಲಿ ಯಾರೂ ಏನನ್ನೂ ನೆನಪಿಡಬೇಕಾಗಿರಲಿಲ್ಲ.